ಇಎಸ್‌ಆರ್‌ಗೆ ಒಂದು ಗಂಟೆ ಯಾಕೆ ಕಾಯಬೇಕು?

"ನಾನು ಡಿಎಂಎಲ್‌ಟಿ ಓದುತ್ತಿದ್ದೇನೆ. ಇಎಸ್‌ಆರ್ ಅನ್ನು ಅರ್ಧ ಗಂಟೆಗೆ ಓದಿ ಎರಡರಿಂದ ಗುಣಿಸಿದರೆ ಆಗಲ್ವಾ? ಸುಮ್ನೆ ಒಂದು ಗಂಟೆ ಯಾಕೆ ಕಾಯಬೇಕು?"

ಆಗಲ್ಲ. ಇಎಸ್‌ಆರ್ ಅಂದರೆ ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ ರಕ್ತದ ಕೆಂಪು ಕಣಗಳು ಒಂದು ಗಂಟೆಯಲ್ಲಿ ಎಷ್ಟು ಇಳಿಯುತ್ತವೆ ಅನ್ನುವ ಅಳತೆ. ಚಿಂತಾಮಣಿಯ ಒಂದು ಸಣ್ಣ ಲ್ಯಾಬ್‌ನಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೂ ಇದೇ ಪ್ರಶ್ನೆ ಬಂದಿತ್ತು. ಒಂದು ದಿನ ಎರಡು ಕೊಳವೆ ಅಕ್ಕಪಕ್ಕ ನಿಲ್ಲಿಸಿ ಹತ್ತತ್ತು ನಿಮಿಷಕ್ಕೆ ಬರೆದುಕೊಂಡೆ. ಆಮೇಲೆ ಮತ್ತೆ ಆ ಯೋಚನೆ ಬರಲಿಲ್ಲ.

ನಾವು ಮಾಡುತ್ತಿದ್ದದ್ದು ವೆಸ್ಟರ್‌ಗ್ರೆನ್ ವಿಧಾನ. 3.8% ಸೋಡಿಯಂ ಸಿಟ್ರೇಟ್ 0.4 ಮಿಲಿ, ಅದಕ್ಕೆ ರಕ್ತ 1.6 ಮಿಲಿ. ಅಂದರೆ ಒಂದು ಪಾಲಿಗೆ ನಾಲ್ಕು ಪಾಲು. ಮೆಲ್ಲಗೆ ತಿರುವಿ ಬೆರೆಸಿ, 200ರವರೆಗೆ ಗುರುತಿರುವ ಕೊಳವೆಯಲ್ಲಿ ಸೊನ್ನೆಯ ಗೆರೆಗೆ ಸರಿಯಾಗಿ ತುಂಬಿ, ಸ್ಟ್ಯಾಂಡ್‌ನಲ್ಲಿ ನೆಟ್ಟಗೆ ನಿಲ್ಲಿಸಬೇಕು. ಗಾಳಿಗುಳ್ಳೆ ಸೇರಬಾರದು. ಒಂದು ಗಂಟೆಯಾದ ಮೇಲೆ ಮೇಲಿನ ತಿಳಿ ಪ್ಲಾಸ್ಮಾ ಎಷ್ಟು ಮಿಲಿಮೀಟರ್ ಇದೆಯೋ ಅದೇ ಉತ್ತರ.

ಮೊದಲ ಕೊಳವೆ ಒಬ್ಬ ಆರೋಗ್ಯವಂತ ಹುಡುಗನದು. ಹತ್ತು ನಿಮಿಷಕ್ಕೆ ಏನೂ ಇಳಿದಿರಲಿಲ್ಲ. ಅರ್ಧ ಗಂಟೆಗೆ 3, ಒಂದು ಗಂಟೆಗೆ 11. ಎರಡನೆಯದು ಐವತ್ತೆಂಟು ವರ್ಷದ ಒಬ್ಬ ಅಮ್ಮನದು. ಮೂರು ವಾರದಿಂದ ಜ್ವರ, ಹಿಮೋಗ್ಲೋಬಿನ್ 7.8. ಅವರದು ಹತ್ತು ನಿಮಿಷಕ್ಕೆ 8, ಇಪ್ಪತ್ತಕ್ಕೆ 46, ಮೂವತ್ತಕ್ಕೆ 82, ನಲವತ್ತಕ್ಕೆ 104, ಐವತ್ತಕ್ಕೆ 113, ಅರವತ್ತಕ್ಕೆ 118. ಈಗ ನೀವೇ ಗುಣಿಸಿ ನೋಡಿ. ಹುಡುಗನಿಗೆ 6 ಬರುತ್ತದೆ, ನಿಜ 11. ಅಮ್ಮನಿಗೆ 164 ಬರುತ್ತದೆ, ನಿಜ 118. ಒಬ್ಬರಿಗೆ ಕಡಿಮೆ, ಇನ್ನೊಬ್ಬರಿಗೆ ಜಾಸ್ತಿ. ಹಾಗಾಗಿ ಇಷ್ಟು ಸೇರಿಸಿ, ಇಷ್ಟು ಕಳೆಯಿರಿ ಅಂತ ಒಂದು ಲೆಕ್ಕವೂ ಹೊಂದುವುದಿಲ್ಲ.

ಕಾರಣ ಮೂರು ಹಂತ. ಮೊದಲ ಹತ್ತು ನಿಮಿಷ ಕೆಂಪು ಕಣಗಳು ಒಂದರ ಮೇಲೊಂದು ನಾಣ್ಯ ಪೇರಿಸಿದ ಹಾಗೆ ಅಂಟಿಕೊಳ್ಳುತ್ತವೆ. ಇದನ್ನೇ ರೂಲೋ ಅನ್ನುತ್ತಾರೆ. ಈ ಹೊತ್ತಿನಲ್ಲಿ ಇಳಿಯುವುದು ತುಂಬ ಕಮ್ಮಿ. ಅಡುಕು ಭಾರವಾದ ಮೇಲೆ ಸುಮಾರು ನಲವತ್ತು ನಿಮಿಷ ಬೇಗ ಬೇಗ ಇಳಿಯುತ್ತದೆ. ಕೊನೆಯ ಹತ್ತು ನಿಮಿಷ ತಳದಲ್ಲಿ ಕಣಗಳು ಒತ್ತೊತ್ತಾಗಿ ಕೂರುತ್ತವೆ, ವೇಗ ಮತ್ತೆ ತಗ್ಗುತ್ತದೆ. ಪುಸ್ತಕದ ಈ ನಿಮಿಷಗಳು ಎಲ್ಲರ ರಕ್ತಕ್ಕೂ ಒಂದೇ ಅಲ್ಲ. ಆ ಅಮ್ಮನ ರಕ್ತದಲ್ಲಿ ಅಡುಕು ಬೇಗ ಕಟ್ಟಿತು, ತಳ ಬೇಗ ತುಂಬಿತು. ಹುಡುಗನ ರಕ್ತ ಅರ್ಧ ಗಂಟೆಗೂ ಇನ್ನೂ ಶುರುವಿನಲ್ಲೇ ಇತ್ತು.

ಅಮ್ಮನ ರಕ್ತದಲ್ಲಿ ಅಷ್ಟು ಬೇಗ ಯಾಕೆ? ಕೆಂಪು ಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುತ್ ಇರುತ್ತದೆ, ಅದಕ್ಕೇ ಅವು ಒಂದನ್ನೊಂದು ದೂರ ತಳ್ಳುತ್ತವೆ. ಸೋಂಕು ಬಂದಾಗ ಪ್ಲಾಸ್ಮಾದಲ್ಲಿ ಫೈಬ್ರಿನೋಜೆನ್, ಗ್ಲೋಬ್ಯುಲಿನ್ ಅನ್ನುವ ಪ್ರೋಟೀನ್‌ಗಳು ಏರುತ್ತವೆ. ಅವು ಈ ತಳ್ಳಾಟವನ್ನು ತಗ್ಗಿಸಿ ಕಣಗಳನ್ನು ಜೋಡಿಸುತ್ತವೆ. ಗರ್ಭಿಣಿಯರಲ್ಲೂ ಫೈಬ್ರಿನೋಜೆನ್ ಜಾಸ್ತಿ, ಅದಕ್ಕೇ ಅವರ ಇಎಸ್‌ಆರ್ ಏರಿರುತ್ತದೆ. ಈ ಅಮ್ಮನಿಗೆ ರಕ್ತಹೀನತೆಯೂ ಇತ್ತು. ಕಣಗಳು ಕಮ್ಮಿ ಇದ್ದರೆ ಪ್ಲಾಸ್ಮಾ ಮೇಲೆ ಬರಲು ದಾರಿ ಸಲೀಸು. ಕಣಗಳು ತೀರಾ ಜಾಸ್ತಿ ಇದ್ದರೆ ನೂಕುನುಗ್ಗಲಾಗಿ ಇಳಿತ ನಿಧಾನ. ಕುಡುಗೋಲಿನಂತೆ ಬಾಗಿದ ಕಣ, ಗುಂಡಗಾದ ಕಣ ಸರಿಯಾಗಿ ಪೇರಿಸಿಕೊಳ್ಳುವುದಿಲ್ಲ, ಅಲ್ಲೂ ನಿಧಾನವೇ. ಹಾಗಾಗಿ 118 ಅನ್ನುವುದು ಯಾವ ಕಾಯಿಲೆ ಅಂತ ಹೇಳುವುದಿಲ್ಲ. ಎಷ್ಟು ಪಾಲು ಸೋಂಕಿನದು, ಎಷ್ಟು ರಕ್ತಹೀನತೆಯದು ಅಂತಲೂ ಬಿಡಿಸಿ ಹೇಳುವುದಿಲ್ಲ. ವರದಿಯ ಪಕ್ಕದಲ್ಲಿ ಹಿಮೋಗ್ಲೋಬಿನ್ ಕೂಡ ಬರೆದು ಕೊಡಿ, ಡಾಕ್ಟರಿಗೆ ಅದು ಬೇಕು.

ಇನ್ನು ನಮ್ಮ ಕೈಯಿಂದಾಗುವ ತಪ್ಪುಗಳು. ಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವ ಸ್ಯಾಂಪಲ್ ತಡವಾದರೆ ಕಣಗಳು ಗುಂಡಗಾಗುತ್ತವೆ, ರೀಡಿಂಗ್ ಸುಳ್ಳಾಗಿ ಇಳಿಯುತ್ತದೆ. ಹೊರಗೇ ಇಟ್ಟಿದ್ದರೆ ನಾಲ್ಕು ಗಂಟೆಯೊಳಗೆ ಪರೀಕ್ಷೆಗೆ ಹಚ್ಚಿಬಿಡಿ. ರಕ್ತ ಹೆಪ್ಪುಗಟ್ಟಿದ ಸಣ್ಣ ಗಡ್ಡೆ ಕಂಡರೂ ಆ ಸ್ಯಾಂಪಲ್ ಬೇಡ, ಫೈಬ್ರಿನೋಜೆನ್ ಅದರಲ್ಲೇ ಖರ್ಚಾಗಿರುತ್ತದೆ. ಫ್ರಿಜ್‌ನಿಂದ ತೆಗೆದ ರಕ್ತ ಕೋಣೆಯ ಬಿಸಿಗೆ ಬರುವ ತನಕ ಕಾಯಿರಿ. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ಕಿಟಕಿ ಪಕ್ಕ ಸ್ಟ್ಯಾಂಡ್ ಇಟ್ಟರೆ ಇಳಿತ ಹೆಚ್ಚುತ್ತದೆ.

ನನ್ನನ್ನು ತುಂಬ ದಿನ ಕಾಡಿದ್ದು ಕೊಳವೆಯ ಓರೆ. ಒಂದು ವಾರ ಎಲ್ಲರ ಇಎಸ್‌ಆರ್ ಏರಿಯೇ ಬರುತ್ತಿತ್ತು. ಒಬ್ಬರದೇ ರಕ್ತವನ್ನು ಬೇರೆ ಮೇಜಿನ ಮೇಲೆ ಇಟ್ಟಾಗ 50, ನಮ್ಮ ಮೇಜಿನಲ್ಲಿ 64. ಗಾರೆ ಕೆಲಸದವರ ರಸಮಟ್ಟ ತಂದು ಇಟ್ಟರೆ ಮೇಜಿನ ಒಂದು ಕಾಲು ಕುಸಿದಿತ್ತು. ಕೊಳವೆ ಮೂರು ಡಿಗ್ರಿ ವಾಲಿದರೂ ರೀಡಿಂಗ್ 30% ವರೆಗೆ ಏರಬಹುದು. ವಾಲಿದ ಕೊಳವೆಯಲ್ಲಿ ಕಣಗಳು ತಳದ ತನಕ ಬೀಳಬೇಕಿಲ್ಲ. ಪಕ್ಕದ ಗೋಡೆಗೆ ಬಿದ್ದು ಪದರವಾಗಿ ಜಾರುತ್ತವೆ, ಪ್ಲಾಸ್ಮಾ ಎದುರು ಗೋಡೆಯ ಗುಂಟ ಮೇಲೆ ಹರಿಯುತ್ತದೆ. ಅಂದಿನಿಂದ ಬೆಳಗ್ಗೆ ಮೊದಲ ಕೊಳವೆ ನಿಲ್ಲಿಸುವ ಮುಂಚೆ ರಸಮಟ್ಟ ಇಟ್ಟು ನೋಡುತ್ತೇನೆ.