ಮೂವರಿಗೂ ಸೇರಿ ಆರೇ ದಿನ

ಪ್ರಶ್ನೆ: ತಾರಸಿಯಿಂದ ಟೈಲ್ಸ್‌ವರೆಗಿನ ಮನೆ ಕೆಲಸಕ್ಕೆ ಕೆಳಗಿನ ಪಟ್ಟಿ ಮಾಡಿ ಲೆಕ್ಕ ಹಾಕಿದೆ. ಒಟ್ಟು 37 ದಿನ ಬಂತು. ನೀರಿನ ಸಂಪ್‌ಗೆ ಸಂಬಂಧಿಸಿದ ಮೂರು ಕೆಲಸಕ್ಕೂ 6 ದಿನದ ಸ್ಲ್ಯಾಕ್ ಬಂತು. ಗುಂಡಿ ತೋಡುವವರು, ಗಾರೆ ಮೇಸ್ತ್ರಿ, ಪ್ಲಂಬರ್ ಮೂವರಿಗೂ "ಆರು ದಿನ ತಡವಾದರೂ ತೊಂದರೆಯಿಲ್ಲ" ಎಂದೆ. ಅದಕ್ಕಿಂತ ಹೆಚ್ಚು ಯಾರೂ ತಡ ಮಾಡಲಿಲ್ಲ. ಆದರೂ ಕೆಲಸ ಮುಗಿದದ್ದು 49ನೆಯ ದಿನ. ಲೆಕ್ಕ ತಪ್ಪಿದ್ದೆಲ್ಲಿ?

| ಕೆಲಸ | ದಿನ | ಯಾವುದು ಮುಗಿದ ಮೇಲೆ |
|---|---|---|
| ಸೆಂಟ್ರಿಂಗ್ | 5 | — |
| ಕಂಬಿ ಕಟ್ಟಿ ವೈರಿಂಗ್ ಪೈಪ್ ಹಾಸುವುದು | 4 | ಸೆಂಟ್ರಿಂಗ್ |
| ಮೋಲ್ಡ್ ಹಾಕುವುದು | 1 | ಕಂಬಿ |
| 7 ದಿನ ಕಾದು ಸೆಂಟ್ರಿಂಗ್ ಬಿಚ್ಚುವುದು | 8 | ಮೋಲ್ಡ್ |
| ಒಳ ಪ್ಲಾಸ್ಟರಿಂಗ್ | 12 | ಸೆಂಟ್ರಿಂಗ್ ಬಿಚ್ಚುವುದು |
| ಹೊರ ಪ್ಲಾಸ್ಟರಿಂಗ್ | 10 | ಸೆಂಟ್ರಿಂಗ್ ಬಿಚ್ಚುವುದು |
| ಸಂಪ್ ತೋಡುವುದು | 4 | — |
| ಸಂಪ್ ಕಟ್ಟಿ ಕ್ಯೂರಿಂಗ್ | 16 | ಸಂಪ್ ತೋಡುವುದು |
| ಸಂಪಿನಿಂದ ಒಳಗೆ ಪೈಪ್ ಎಳೆಯುವುದು | 4 | ಸಂಪ್ ಕಟ್ಟುವುದು |
| ನೆಲದ ಟೈಲ್ಸ್ | 7 | ಒಳ ಪ್ಲಾಸ್ಟರಿಂಗ್, ಪೈಪ್ |

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ. ಒಮ್ಮೆ ಕಾರ್ಖಾನೆಯ ಶೆಡ್, ಒಮ್ಮೆ ಕಾಲೇಜಿನ ಪ್ರಾಜೆಕ್ಟ್, ಈಗ ಮನೆ. ನಿಮ್ಮ ಕೂಡುವ ಕಳೆಯುವ ಲೆಕ್ಕ ಸರಿಯಾಗಿಯೇ ಇದೆ. ಬಂದ ಉತ್ತರವನ್ನು ಓದಿದ ರೀತಿ ತಪ್ಪು.

ಮುಂದಕ್ಕೆ ಲೆಕ್ಕ ಹಾಕೋಣ. ಇಲ್ಲಿ 0 ಎಂದರೆ ಮೊದಲ ದಿನದ ಬೆಳಗ್ಗೆ, 5 ಎಂದರೆ ಐದನೆಯ ದಿನದ ಸಂಜೆ. ಸೆಂಟ್ರಿಂಗ್ 5ಕ್ಕೆ ಮುಗಿಯುತ್ತದೆ, ಕಂಬಿ 9ಕ್ಕೆ, ಮೋಲ್ಡ್ 10ಕ್ಕೆ, ಬಿಚ್ಚುವುದು 18ಕ್ಕೆ, ಒಳ ಪ್ಲಾಸ್ಟರಿಂಗ್ 30ಕ್ಕೆ. ಅತ್ತ ಸಂಪ್ ತೋಡುವುದು 4ಕ್ಕೆ, ಕಟ್ಟಿ ಕ್ಯೂರಿಂಗ್ 20ಕ್ಕೆ, ಪೈಪ್ 24ಕ್ಕೆ. ಟೈಲ್ಸಿಗೆ ಎರಡೂ ಕಡೆಯವರು ಮುಗಿಸಿರಬೇಕು. ಹಾಗಾಗಿ 30, 24ರಲ್ಲಿ ದೊಡ್ಡದನ್ನು ಹಿಡಿಯಬೇಕು. ಟೈಲ್ಸ್ 30ರ ಸಂಜೆಯ ನಂತರ ಶುರುವಾಗಿ 37ಕ್ಕೆ ಮುಗಿಯುತ್ತದೆ. ಇಲ್ಲಿಯವರೆಗೆ ಯಾರೂ ತಪ್ಪುವುದಿಲ್ಲ.

ಹಿಂದಕ್ಕೆ ಬರುವಾಗ ಕೇಳಬೇಕಾದದ್ದು, 37ಕ್ಕೆ ಧಕ್ಕೆಯಾಗದಂತೆ ಪ್ರತಿಯೊಂದು ಕೆಲಸ ಎಷ್ಟು ತಡವಾಗಿ ಮುಗಿಯಬಹುದು ಎಂದು. ಟೈಲ್ಸ್ 30ಕ್ಕೆ ಶುರುವಾಗಲೇಬೇಕು. ಆದ್ದರಿಂದ ಪೈಪಿನ ಕೆಲಸಕ್ಕೆ 30 ಕೊನೆಯ ಗಡುವು, ಸಂಪ್ ಕಟ್ಟುವುದಕ್ಕೆ 26, ತೋಡುವುದಕ್ಕೆ 10. ಬೇಗ ಮುಗಿಯುವ ದಿನಗಳು 24, 20, 4 ಆಗಿದ್ದವು. ಕಳೆದರೆ ಮೂರು ಕಡೆಯೂ 6 ಬರುತ್ತದೆ. ಸೆಂಟ್ರಿಂಗಿನಿಂದ ಒಳ ಪ್ಲಾಸ್ಟರಿಂಗ್ ದಾಟಿ ಟೈಲ್ಸ್‌ವರೆಗಿನ ಸಾಲಿನಲ್ಲಿ ಎಲ್ಲ ಕಡೆ ಸೊನ್ನೆ. ಅದೇ ಕ್ರಿಟಿಕಲ್ ಪಾತ್.

ಆ 6 ಯಾರದ್ದು ಎಂಬಲ್ಲಿ ನೀವು ಎಡವಿದಿರಿ. ಮೂರು ಸಾಲಿನ ಮುಂದೆ ಮೂರು ಸಲ 6 ಎಂದು ಬರೆದಿದ್ದರೂ ಅದು ಒಂದೇ 6. ಸಂಪಿನ ಇಡೀ ಸರಣಿಗೆ 24 ದಿನ ಬೇಕು, ಟೈಲ್ಸ್ ಕಾಯುವುದು 30ರವರೆಗೆ. ನಡುವೆ ಉಳಿದ ಆ ಒಂದೇ ಬಿಡುವನ್ನು ಮೂರು ಕೆಲಸಗಳ ಮುಂದೆಯೂ ತೋರಿಸಿದ್ದೇವೆ, ಅಷ್ಟೆ. ನಿಮ್ಮಲ್ಲಿ ಆದದ್ದು ನೋಡಿ. ತೋಡುವವರು ಆರು ದಿನ ಬಿಟ್ಟು ಬಂದು 10ಕ್ಕೆ ಮುಗಿಸಿದರು. ಆ ಹೊತ್ತಿಗೇ ಮೇಸ್ತ್ರಿಯ ಸ್ಲ್ಯಾಕ್ ಸೊನ್ನೆಗೆ ಇಳಿದಿತ್ತು. ಅವರು ನಿಮ್ಮ ಮಾತಿನಂತೆ ಇನ್ನೂ ಆರು ದಿನ ಬಿಟ್ಟು 16ಕ್ಕೆ ಶುರುಮಾಡಿ 32ಕ್ಕೆ ಮುಗಿಸಿದರು. ಪ್ಲಂಬರ್ 38ಕ್ಕೆ ಬಂದು 42ಕ್ಕೆ ಮುಗಿಸಿದರು. ಟೈಲ್ಸ್ 42ಕ್ಕೆ ಶುರು, 49ಕ್ಕೆ ಮುಗಿತಾಯ. ನೀವು ಹಂಚಿದ್ದು 18 ದಿನ, ಕೈಯಲ್ಲಿದ್ದದ್ದು 6. ಉಳಿದ 12 ದಿನ ನೇರವಾಗಿ ಟೈಲ್ಸಿನ ತಲೆಯ ಮೇಲೆ ಬಿತ್ತು.

ಇದನ್ನು ಮೊದಲೇ ಹಿಡಿಯಲು ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿ, ಫ್ರೀ ಫ್ಲೋಟ್. ಮುಂದಿನ ಕೆಲಸ ಬೇಗ ಎಂದರೆ ಯಾವಾಗ ಶುರುವಾಗಬಹುದೋ ಆ ದಿನದಿಂದ ಈ ಕೆಲಸ ಬೇಗ ಮುಗಿಯುವ ದಿನವನ್ನು ಕಳೆಯಿರಿ. ತೋಡುವುದಕ್ಕೆ 4ರಲ್ಲಿ 4 ಹೋಗಿ ಸೊನ್ನೆ. ಕಟ್ಟುವುದಕ್ಕೆ 20ರಲ್ಲಿ 20 ಹೋಗಿ ಸೊನ್ನೆ. ಪೈಪಿಗೆ 30ರಲ್ಲಿ 24 ಹೋಗಿ 6. ಫ್ರೀ ಫ್ಲೋಟ್ ಸೊನ್ನೆ ಇರುವವರು ಒಂದು ದಿನ ಜಾರಿದರೂ ಮುಂದಿನವರ ಬಿಡುವಿನಿಂದಲೇ ಅದನ್ನು ಕಸಿದುಕೊಳ್ಳುತ್ತಾರೆ. ಕೆಲಸದವರಿಗೆ ಬಾಯಿಬಿಟ್ಟು ಹೇಳಬಹುದಾದ ಬಿಡುವು ಇದೊಂದೇ. ಒಟ್ಟು ಸ್ಲ್ಯಾಕ್ ನಿಮ್ಮ ಡೈರಿಯಲ್ಲೇ ಇರಲಿ. ತೋಡುವವರಿಗೆ "4ಕ್ಕೆ ಮುಗಿಸಿ" ಎಂದೇ ಹೇಳಿ. ಮಳೆ ಬಂದು ಗುಂಡಿಗೆ ನೀರು ನಿಂತು ಎರಡು ದಿನ ಹೋದರೆ ಅದನ್ನು ಆ 6ರಲ್ಲಿ ನೀವೇ ಕಳೆದು, ಸಂಪಿನ ಸರಣಿಗೆ ಈಗ 4 ಉಳಿದಿದೆ ಎಂದು ಗುರುತು ಹಾಕಿಕೊಳ್ಳಿ. ಒಂದೊಂದು ಕೆಲಸ ಮುಗಿದಾಗಲೂ ನಿಜವಾದ ದಿನ ಬರೆದು ಮುಂದಿನ ಸಾಲುಗಳ ಲೆಕ್ಕವನ್ನು ಮತ್ತೆ ಹಾಕಬೇಕು. ಶುರುವಿನಲ್ಲಿ ಒಮ್ಮೆ ಹಾಕಿ ಗೋಡೆಗೆ ಅಂಟಿಸಿದ ಚಾರ್ಟ್ ಎರಡನೆಯ ವಾರಕ್ಕೇ ಸುಳ್ಳಾಗಿರುತ್ತದೆ.

ಕೇಳದಿದ್ದರೂ ನಿಮ್ಮ ಪಟ್ಟಿಯಲ್ಲಿ ಕಂಡದ್ದನ್ನು ಹೇಳಬೇಕು. ಹೊರ ಪ್ಲಾಸ್ಟರಿಂಗ್ 18ಕ್ಕೆ ಶುರುವಾಗಿ 28ಕ್ಕೆ ಮುಗಿಯುತ್ತದೆ, ಅದರ ಮುಂದೆ ಯಾವ ಕೆಲಸವೂ ಇಲ್ಲ. ಹೀಗೆ ಬಾಲ ತೆರೆದಿರುವ ಕೆಲಸಕ್ಕೆ ಬಹಳ ಮಂದಿ 28ನ್ನೇ ಕೊನೆಯ ಗಡುವಾಗಿ ಬರೆದು, ಸ್ಲ್ಯಾಕ್ ಸೊನ್ನೆ ಮಾಡಿ, "ಎರಡು ಕ್ರಿಟಿಕಲ್ ಪಾತ್ ಬಂತು" ಎಂದು ಪತ್ರ ಬರೆಯುತ್ತಾರೆ. ಅದರ ಗಡುವು ಇಡೀ ಯೋಜನೆ ಮುಗಿಯುವ 37. ಸ್ಲ್ಯಾಕ್ 9. ಹಿಂದಕ್ಕೆ ಬರುವಾಗ ಸೆಂಟ್ರಿಂಗ್ ಬಿಚ್ಚುವುದರಲ್ಲಿ ಎರಡು ದಾರಿ ಕೂಡುತ್ತವೆ. ಒಳಗಿನವರಿಗೆ ಅದು 18ಕ್ಕೆ ಮುಗಿದಿರಬೇಕು, ಹೊರಗಿನವರಿಗೆ 27ಕ್ಕೆ ಮುಗಿದರೂ ಸಾಕು. ಇಲ್ಲಿ ಚಿಕ್ಕದನ್ನು, ಅಂದರೆ 18ನ್ನು ಹಿಡಿಯಬೇಕು. ಮುಂದಕ್ಕೆ ಹೋಗುವಾಗ ದೊಡ್ಡದು, ಹಿಂದಕ್ಕೆ ಬರುವಾಗ ಚಿಕ್ಕದು. ಇದು ಅದಲುಬದಲಾದರೆ ಸ್ಲ್ಯಾಕ್ ಅಲ್ಲಲ್ಲಿ ಮೈನಸ್ ಬರುತ್ತದೆ. ಬಂದರೆ ಎರಡು ದಾರಿ ಕೂಡುವ ಜಾಗಗಳನ್ನೇ ಮೊದಲು ನೋಡಿ.

ಇದಕ್ಕಿಂತ ದೊಡ್ಡ ಅನುಮಾನ ಬೇರೆಯಿದೆ. ಒಳಗೆ, ಹೊರಗೆ ಪ್ಲಾಸ್ಟರಿಂಗ್ ಮಾಡುವುದು ಒಂದೇ ತಂಡವೇ? ಸಣ್ಣ ಮನೆಗಳಲ್ಲಿ ಸಾಮಾನ್ಯವಾಗಿ ಒಂದೇ. ನಿಮ್ಮ ಪಟ್ಟಿ ಮಾತ್ರ ಎರಡೂ 18ಕ್ಕೇ ಶುರು ಎನ್ನುತ್ತಿದೆ. ಈ ಲೆಕ್ಕಕ್ಕೆ ಯಾವುದರ ನಂತರ ಯಾವುದು ಎಂಬುದು ಮಾತ್ರ ಗೊತ್ತು, ಆಳುಗಳೆಷ್ಟು ಎಂಬುದು ಗೊತ್ತಿಲ್ಲ. ತಂಡ ಒಂದೇ ಆಗಿದ್ದರೆ "ಹೊರ ಪ್ಲಾಸ್ಟರಿಂಗ್, ಒಳ ಪ್ಲಾಸ್ಟರಿಂಗ್ ಮುಗಿದ ಮೇಲೆ" ಎಂದು ಮೂರನೆಯ ಕಾಲಂನಲ್ಲಿ ಬರೆಯಲೇಬೇಕು. ಆಗ ಹೊರಗಿನದು 30ರಿಂದ 40ರವರೆಗೆ ಹೋಗುತ್ತದೆ, ಯೋಜನೆ 40 ದಿನ. ಕ್ರಿಟಿಕಲ್ ಪಾತ್ ಹೊರಗೋಡೆಗೆ ತಿರುಗುತ್ತದೆ, ಟೈಲ್ಸಿಗೆ 3 ದಿನ ಬಿಡುವು, ಸಂಪಿನ ಸರಣಿಗೆ 9. ಅದೇ ತಂಡ ಹೊರಗಿನದನ್ನು ಮೊದಲು ಹಿಡಿದರೆ ಒಳಗಿನದು 40ಕ್ಕೆ ಮುಗಿದು, ಟೈಲ್ಸ್ 47ಕ್ಕೆ ಹೋಗುತ್ತದೆ. ಯಾವ ಕಡೆಯಿಂದ ಶುರುಮಾಡಬೇಕು ಎಂಬ ಒಂದು ಮಾತಿಗೆ ಏಳು ದಿನ.

ಪ್ರಶ್ನೆ: ಪ್ರತಿ ಹಂತದಲ್ಲೂ ಹೆಚ್ಚು ದಿನ ಹಿಡಿಯುವ ಕೆಲಸ ಆರಿಸುತ್ತಾ ಹೋದರೆ ಸಾಕು, ಕ್ರಿಟಿಕಲ್ ಪಾತ್ ಸಿಗುತ್ತದೆ ಎಂದು ಕೋಚಿಂಗ್ ಕ್ಲಾಸಿನಲ್ಲಿ ಹೇಳಿಕೊಟ್ಟರು. ಸರಿಯೇ?

ಉತ್ತರ: ತಪ್ಪು, ಅದನ್ನು ಕಲಿಸುವುದೂ ತಪ್ಪು. ಮೇಲಿನ ಪಟ್ಟಿಯಲ್ಲಿ ಸಂಪ್ ತೋಡಲು 4ರ ಬದಲು 6 ದಿನ ಎಂದಿಟ್ಟುಕೊಳ್ಳಿ. ಮೊದಲ ಹೆಜ್ಜೆಯಲ್ಲೇ ಸೆಂಟ್ರಿಂಗಿನ 5 ಬಿಟ್ಟು 6ರ ಹಿಂದೆ ಹೋಗುತ್ತೀರಿ. ಆ ದಾರಿ 6, 16, 4, 7 ಸೇರಿ 33 ದಿನ. ನಿಜವಾದ ಕ್ರಿಟಿಕಲ್ ಪಾತ್ ಆಗಲೂ 37. ಅಳೆಯಬೇಕಾದದ್ದು ಇಡೀ ದಾರಿಯ ಉದ್ದವನ್ನು.

ಪ್ರಶ್ನೆ: ಕ್ರಿಟಿಕಲ್ ಅಂದರೆ ತುಂಬಾ ಕಷ್ಟದ, ಹೆಚ್ಚು ಖರ್ಚಿನ ಕೆಲಸಗಳು ಅಂತಲೇ?

ಉತ್ತರ: ಅಲ್ಲ. ಮೇಲಿನ ಪಟ್ಟಿಯಲ್ಲಿ ಮೋಲ್ಡ್ ಗಟ್ಟಿಯಾಗಲೆಂದು ಸುಮ್ಮನೆ ಕಾಯುವ ದಿನಗಳೂ ಕ್ರಿಟಿಕಲ್ಲೇ.

ಪ್ರಶ್ನೆ: ಸಿಪಿಎಂ, ಪರ್ಟ್ ಎರಡೂ ಒಂದೇನಾ?

ಉತ್ತರ: ಅಲ್ಲ. ಸಿಪಿಎಂ ಎಂದರೆ ಮೇಲೆ ಹಾಕಿದ ಕ್ರಿಟಿಕಲ್ ಪಾತ್ ಲೆಕ್ಕವೇ. ಅದು 1950ರ ದಶಕದ ಕೊನೆಯಲ್ಲಿ ಡುಪಾಂಟ್ ಮತ್ತು ರೆಮಿಂಗ್ಟನ್ ರಾಂಡ್ ಕಂಪನಿಗಳಲ್ಲಿ ರೂಪುಗೊಂಡದ್ದು, ಪ್ರತಿ ಕೆಲಸಕ್ಕೂ ಒಂದೇ ಅವಧಿ ಇಟ್ಟುಕೊಳ್ಳುತ್ತದೆ. ಪರ್ಟ್ ಅದೇ ಕಾಲದಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಯಿಂದ ಬಂದದ್ದು, ಪ್ರತಿ ಕೆಲಸಕ್ಕೂ ಬೇಗ ಆದರೆ, ಸಾಮಾನ್ಯವಾಗಿ, ತಡ ಆದರೆ ಎಷ್ಟು ದಿನ ಎಂದು ಮೂರು ಅಂದಾಜು ಕೇಳುತ್ತದೆ.

ಪ್ರಶ್ನೆ: ಒಳ ಪ್ಲಾಸ್ಟರಿಂಗ್ ಕ್ರಿಟಿಕಲ್ ಆಗಿದ್ದರೆ ಆಳು ಹೆಚ್ಚಿಸಿ ಎಷ್ಟು ದಿನ ಉಳಿಸಬಹುದು?

ಉತ್ತರ: ಮೇಲಿನ ಪಟ್ಟಿಯನ್ನೇ ಹಿಡಿದರೆ ಆರು ದಿನ. 12 ದಿನದ ಕೆಲಸ 6ಕ್ಕೆ ಇಳಿದರೆ ಅದು 24ಕ್ಕೆ ಮುಗಿಯುತ್ತದೆ, ಪೈಪಿನವರೂ 24ಕ್ಕೇ ಮುಗಿಸುತ್ತಾರೆ. ಅಲ್ಲಿಂದ ಮುಂದೆ ಪ್ಲಾಸ್ಟರಿಂಗಿಗೆ ಸುರಿದ ಕೂಲಿ ವ್ಯರ್ಥ, ಏಕೆಂದರೆ ಸಂಪಿನ ಸರಣಿಯೂ ಆಗ ಕ್ರಿಟಿಕಲ್ ಆಗಿರುತ್ತದೆ.

ಪ್ರಶ್ನೆ: ಮೋಲ್ಡ್ ಹಾಕಿ ಕಾಯುವ 7 ದಿನವನ್ನು 4 ಮಾಡಿದರೆ ಮೂರು ದಿನ ಉಳಿಯುತ್ತದಲ್ಲವೇ? ನಮ್ಮ ಸೆಂಟ್ರಿಂಗಿನವರು "ನಾಲ್ಕೇ ದಿನಕ್ಕೆ ಬಿಚ್ಚಿದರೂ ಏನೂ ಆಗಲ್ಲ" ಅನ್ನುತ್ತಾರೆ.

ಉತ್ತರ: ಬಿಚ್ಚಬೇಡಿ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುವಂತೆ, 4.5 ಮೀಟರ್‌ವರೆಗಿನ ಅಗಲದ ಸ್ಲ್ಯಾಬಿನ ಆಸರೆ ಕಂಬಗಳಿಗೆ 7 ದಿನ, ಅದಕ್ಕಿಂತ ಅಗಲವಿದ್ದರೆ 14 ದಿನ. 6 ಮೀಟರ್‌ವರೆಗಿನ ತೊಲೆಯ ಕೆಳಗಿನ ಆಸರೆಗೂ 14 ದಿನ. ಪಿಪಿಸಿ ಸಿಮೆಂಟ್ ಬಳಸಿದ್ದರೆ ಎಂಜಿನಿಯರ್ ಹೇಳುವವರೆಗೆ ಕೈ ಹಾಕಬೇಡಿ. ಸೆಂಟ್ರಿಂಗಿನವರಿಗೆ ಅವಸರವಿರುವುದು ಹಲಗೆ, ಶೀಟು ಮುಂದಿನ ಮನೆಗೆ ಬೇಕೆಂದು. ಮೊದಲು ಟೇಪ್ ಹಿಡಿದು ನಿಮ್ಮ ಹಾಲಿನ ಅಗಲ ಅಳೆಯಿರಿ. ಅದು 4.5 ಮೀಟರ್ ದಾಟಿದ್ದರೆ ಮೇಲಿನಂಥ ಪಟ್ಟಿಯಲ್ಲಿ 8 ಇದ್ದ ಕಡೆ 15 ಬರೆಯಬೇಕು. ಆಗ ಯೋಜನೆ 44 ದಿನ, ಸಂಪಿನವರ ಸ್ಲ್ಯಾಕ್ 13.