ಆಫ್ಟರ್‌ಶೇವ್ ಉರಿ, ಗಡ್ಡದ ಎಣ್ಣೆ ಮತ್ತು ಕೊಲೋನ್ ಜಗಳ

ಪ್ರಶ್ನೆ: ಕೆನ್ನೆ, ಕತ್ತು ಶೇವ್ ಮಾಡ್ತೀನಿ, ಗಲ್ಲದ ಮೇಲೆ ಗಡ್ಡ ಬಿಟ್ಟಿದೀನಿ. ಆಫ್ಟರ್‌ಶೇವ್ ಹಾಕಿದ್ರೆ ಉರಿಯುತ್ತೆ. ಬಿಯರ್ಡ್ ಆಯಿಲ್ ಮೇಲೆ ನಿಂಬೆ ವಾಸನೆಯ ಕೊಲೋನ್ ಹಾಕಿದ್ರೆ ಏನೋ ವಿಚಿತ್ರ ವಾಸನೆ. ಏನು ತಗೋಬೇಕು? ಮನೆ ವೈಟ್‌ಫೀಲ್ಡ್ ಕಡೆ, ಬೋರ್‌ವೆಲ್ ನೀರು.

ಉತ್ತರ: ನೀರಿನ ವಿಷಯ ಹೇಳಿದ್ದು ಒಳ್ಳೆಯದಾಯಿತು. ಬೋರ್‌ವೆಲ್ ನೀರು ಗಡಸಾಗಿದ್ದರೆ ಸೋಪಿನಂಥ ಶೇವಿಂಗ್ ಕ್ರೀಮ್ ಸರಿಯಾಗಿ ನೊರೆ ಬರುವುದಿಲ್ಲ. ಬ್ಲೇಡ್ ಜಾರದೆ ಎಳೆಯುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಾಗುತ್ತವೆ. ಅದರ ಮೇಲೆ ಆಲ್ಕೋಹಾಲ್ ಬಿದ್ದರೆ ಉರಿಯದೆ ಇರುತ್ತದಾ? ನೀರಿನಂತೆ ತೆಳ್ಳಗಿರುವ ಆಫ್ಟರ್‌ಶೇವ್‌ಗಳಲ್ಲಿ ಸಾಮಾನ್ಯವಾಗಿ ಅದೇ ಜಾಸ್ತಿ. ನೊರೆಗೆ ಆರ್‌ಒ ಫಿಲ್ಟರ್ ನೀರು ಒಂದು ಲೋಟ ಇಟ್ಟುಕೊಳ್ಳಿ. ಆಫ್ಟರ್‌ಶೇವ್ ಬದಲು ಆಲ್ಕೋಹಾಲ್, ಮೆಂಥಾಲ್ ಎರಡೂ ಇಲ್ಲದ ಬಾಮ್ ತಗೊಳ್ಳಿ. ಡಬ್ಬಿಯ ಹಿಂದೆ 'ಆಲ್ಕೋಹಾಲ್ ಡಿನ್ಯಾಟ್' ಎಂದು ಮೊದಲ ಎರಡು ಮೂರು ಹೆಸರಲ್ಲೇ ಇದ್ದರೆ ವಾಪಸ್ ಇಡಿ. ಸೀಟೈಲ್ ಆಲ್ಕೋಹಾಲ್ ಅಂತಿದ್ದರೆ ಹೆದರಬೇಡಿ, ಅದು ಕ್ರೀಮು ಗಟ್ಟಿಯಾಗಲು ಹಾಕುವ ಮೇಣದಂಥ ವಸ್ತು, ಉರಿಸುವುದಲ್ಲ.

ಇನ್ನು ವಾಸನೆ. ಶೇವಿಂಗ್ ಕ್ರೀಮಿನ ಪರಿಮಳಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ತೊಳೆದು ಹೋಗುತ್ತದೆ. ಜಗಳ ತರುವುದು ಗಡ್ಡದ ಎಣ್ಣೆ. ಅದು ಮೂಗಿನ ಕೆಳಗೇ ಇರುತ್ತದೆ, ಎಣ್ಣೆಯಲ್ಲಿ ಕರಗಿದ ಸುವಾಸನೆ ನಿಧಾನವಾಗಿ ಆರುತ್ತದೆ. ನಿಮ್ಮ ಕೊಲೋನಿನ ನಿಂಬೆ ಅರ್ಧ ಗಂಟೆಯಲ್ಲೇ ಬಹುಪಾಲು ಹಾರಿಹೋಗುತ್ತದೆ. ಆಮೇಲೆ ಉಳಿಯುವುದು ಕೊಲೋನಿನ ತಳದ ವಾಸನೆ ಮತ್ತು ಎಣ್ಣೆಯ ವಾಸನೆ. ಹೊಂದಬೇಕಾದದ್ದು ಇವೆರಡು. ಅಂಗಡಿಯಲ್ಲಿ ಬಾಟಲಿ ಮೂಸಿ ಆರಿಸಿದರೆ ಇದು ಗೊತ್ತೇ ಆಗುವುದಿಲ್ಲ. ಒಂದು ಬಿಳಿ ಕಾಗದದ ತುಂಡಿಗೆ ಕೊಲೋನ್, ಇನ್ನೊಂದಕ್ಕೆ ಎಣ್ಣೆ ಹಾಕಿ, ಕಾಫಿ ಕುಡಿದು ಅರ್ಧ ಗಂಟೆ ಬಿಟ್ಟು ಬಂದು, ಎರಡನ್ನೂ ಒಟ್ಟಿಗೆ ಹಿಡಿದು ಮೂಸಿ. ಗಂಧ ಅಥವಾ ದೇವದಾರಿನ ಎಣ್ಣೆ ನಿಂಬೆ ಕೊಲೋನಿಗೆ ಸಾಮಾನ್ಯವಾಗಿ ಹೊಂದುತ್ತದೆ. ಪುದೀನ, ಟೀ ಟ್ರೀ ಹಾಕಿದ್ದು ಹೊಂದುವುದು ಕಷ್ಟ, ಔಷಧಿ ಅಂಗಡಿಯಂತಾಗುತ್ತದೆ. ಶೇವ್ ಮಾಡಿದ ಚರ್ಮಕ್ಕೆ ಪುದೀನ ಉರಿಯೂ ಹೌದು.

ನನಗೆ ಕೇಳಿದರೆ ಇನ್ನೂ ಸುಲಭ ದಾರಿ: ಪರಿಮಳವೇ ಇಲ್ಲದ ಜೊಜೊಬಾ ಎಣ್ಣೆ. ಸಣ್ಣ ಗಡ್ಡಕ್ಕೆ ಎರಡು ಮೂರು ಹನಿ ಸಾಕು. ಪರಿಮಳ ಬೇಕೇ ಬೇಕೆಂದರೆ 30 ಮಿ.ಲೀ. ಜೊಜೊಬಾಗೆ ಆರು ಹನಿ ದೇವದಾರು ಎಣ್ಣೆ ಬೆರೆಸಿ, ಅಂದರೆ ಸುಮಾರು ಶೇಕಡಾ 1. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ. ಅಲ್ಲಿ ಕೆಂಪಾಗಿ ತುರಿಸಿದರೆ ಅದು ಬ್ಲೇಡಿನ ಉರಿಯಲ್ಲ, ಸುಗಂಧದ ಅಲರ್ಜಿ ಇರಬಹುದು. ಆಗ ಬ್ರಾಂಡ್ ಬದಲಿಸುತ್ತಾ ಕೂರಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.

ಕೊಲೋನನ್ನು ಶೇವ್ ಮಾಡಿದ ಕತ್ತಿಗೆ ಹೊಡೆಯಬೇಡಿ. ಅದೂ ಆಲ್ಕೋಹಾಲೇ ಅಲ್ವಾ? ಶರ್ಟ್ ಹಾಕುವ ಮೊದಲು ಎದೆಗೆ ಒಂದೆರಡು ಸಲ ಹೊಡೆಯಿರಿ. ಉರಿಯೂ ಇಲ್ಲ, ಗಡ್ಡದ ಎಣ್ಣೆಯಿಂದ ಒಂದು ಗೇಣು ದೂರವೂ ಆಯಿತು.