ಮಳೆಗೆ ಮಾತ್ರೆ ತಪ್ಪಿದರೆ ಫಿಟ್ಸ್ ಯಾಕೆ ಮರಳುತ್ತದೆ?

ಪ್ರಶ್ನೆ: ಅಪ್ಪ ಕಾರ್ಬಮಜೆಪಿನ್, ಕ್ಲೋಬಜಾಮ್ ತಗೊಳ್ತಾರೆ. ವರ್ಷದಿಂದ ಫಿಟ್ಸ್ ಇಲ್ಲ. ಮಳೆಗೆ ದಾರಿ ಮುಚ್ಚಿ ಒಂದು ದಿನ ಮಾತ್ರೆ ತಪ್ಪಿದರೆ ಅಷ್ಟು ಅಪಾಯವೇ?

ಹೌದು, ಅಪಾಯವೇ. ಮಾತ್ರೆ ಫಿಟ್ಸನ್ನು ತಡೆದು ಹಿಡಿದಿರುತ್ತದೆ, ವಾಸಿ ಮಾಡಿರುವುದಿಲ್ಲ.

ನರಕೋಶಕ್ಕೆ ಸೋಡಿಯಂ ನುಗ್ಗುವ ಸಣ್ಣ ಬಾಗಿಲುಗಳಿವೆ; ಅದು ನುಗ್ಗಿದಾಗ ಕೋಶ ಸಿಡಿಯುತ್ತದೆ, ಅಂದರೆ ಸಂಕೇತ ಕಳಿಸುತ್ತದೆ. ಕೋಶಗಳು ಬಿಡದೆ ಸಿಡಿದರೆ ಫಿಟ್ಸ್. ಒಮ್ಮೆ ತೆರೆದ ಬಾಗಿಲು ತಾನೇ ಮುಚ್ಚಿ, ಕ್ಷಣಕಾಲ ತೆರೆಯದೆ ನಿಲ್ಲುತ್ತದೆ. ಕಾರ್ಬಮಜೆಪಿನ್ ಆಗ ಅಂಟಿಕೊಂಡು ಆ ಕ್ಷಣವನ್ನು ಉದ್ದ ಮಾಡುತ್ತದೆ. ಹಾಗಾಗಿ ಒಂದೇ ಸಮನೆ ಸಿಡಿಯುವ ಕೋಶಕ್ಕೆ ಹೆಚ್ಚು ಪೆಟ್ಟು, ಮಾಮೂಲಿ ಕೆಲಸಕ್ಕೆ ಕಡಿಮೆ.

ಕ್ಲೋಬಜಾಮ್ ದಾರಿ ಬೇರೆ. ಗಾಬಾ ಎಂಬುದು ಮಿದುಳಿನದೇ ಬ್ರೇಕ್. ಈ ಮಾತ್ರೆ ಆ ಬ್ರೇಕನ್ನು ಬಿಗಿ ಮಾಡುತ್ತದೆ. ತಿಂಗಳುಗಟ್ಟಲೆ ತಗೊಂಡಾಗ ಮಿದುಳು ಅದಕ್ಕೆ ಒಗ್ಗಿಹೋಗುತ್ತದೆ. ಥಟ್ಟನೆ ನಿಲ್ಲಿಸಿದರೆ ಬ್ರೇಕ್ ಮೊದಲಿಗಿಂತಲೂ ಸಡಿಲ. ಇದು ದೇಹದಿಂದ ನಿಧಾನ ಇಳಿಯುವುದರಿಂದ ತೊಂದರೆ ಕೆಲವು ದಿನ ಬಿಟ್ಟು ಕಾಣಬಹುದು.

ಕಾರ್ಬಮಜೆಪಿನ್ ಬೇಗ ಇಳಿಯುತ್ತದೆ: ಸುಮಾರು 12–17 ಗಂಟೆಗೆ ಅರ್ಧ. ಸೋಮವಾರ ರಾತ್ರಿ 8ಕ್ಕೆ ನುಂಗಿ, ಮಂಗಳವಾರದ ಎರಡೂ ಹೊತ್ತು ತಪ್ಪಿದರೆ, ಬುಧವಾರ ಬೆಳಗ್ಗೆ ರಕ್ತದಲ್ಲಿ ಕಾಲು ಭಾಗವೂ ಇರುವುದಿಲ್ಲ. ಅದೇ ಹೊತ್ತಿಗೆ ನಿದ್ದೆಗೆಟ್ಟಿದ್ದರಂತೂ ಕೇಳುವುದೇ ಬೇಡ.

ನೆನಪಾದ ಕೂಡಲೇ ಕೊಡಿ; ಮುಂದಿನ ಹೊತ್ತು ಹತ್ತಿರವಿದ್ದರೆ ಅದನ್ನಷ್ಟೇ. ಎರಡು ಒಟ್ಟಿಗೆ ಬೇಡ, ತಲೆಸುತ್ತಿ ಬೀಳುತ್ತಾರೆ. ಫಿಟ್ಸ್ 5 ನಿಮಿಷ ದಾಟಿದರೆ 108ಕ್ಕೆ ಕರೆಮಾಡಿ. ನಮ್ಮ ಕೊಡಗಿನಲ್ಲಿ ಜೂನ್‌ಗೆ ಮುಂಚೆಯೇ ಅಕ್ಕಿ, ಸೌದೆ ಕೂಡಿಡುತ್ತೇವಲ್ಲ, ಡಾಕ್ಟರ ಚೀಟಿ ತೋರಿಸಿ ಎರಡು ವಾರದ ಮಾತ್ರೆಯನ್ನೂ ಹೆಚ್ಚಿಗೆ ತಂದು ಒಣ ಡಬ್ಬಿಯಲ್ಲಿಡಿ. ತೇವ ಹಿಡಿದರೆ ಕಾರ್ಬಮಜೆಪಿನ್ ಗಟ್ಟಿಯಾಗಿ ಸರಿಯಾಗಿ ಕರಗುವುದಿಲ್ಲ.